ಸತ್ಯಾಂಶ: ತೊಡೆಸಂದಿಯ ಗಂಟಿಗೆ ಬೆಲ್ಟ್ ಸಾಕೇ?

"ತೊಡೆಸಂದಿಯಲ್ಲಿ ಗಂಟು ಬಂದರೆ ಒಳಗೆ ಒತ್ತಿ, ಬಿಗಿಯಾಗಿ ಬೆಲ್ಟ್ ಕಟ್ಟಿ. ಹರ್ನಿಯಾ ತಾನಾಗಿ ವಾಸಿಯಾಗುತ್ತದೆ."

ದೊಡ್ಡವರಲ್ಲಿ ಹಾಗೆ ವಾಸಿಯಾಗುವುದಿಲ್ಲ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ, ಆ ಸಂದಿನಿಂದ ಕೊಬ್ಬು ಅಥವಾ ಕರುಳು ಹೊರಗೆ ಜಾರಿರುತ್ತದೆ. ಬೆಲ್ಟ್ ಅದನ್ನು ತಡೆದು ಹಿಡಿಯಬಹುದು, ಅಷ್ಟೇ. ಸಂದು ಮುಚ್ಚಲು ಆಪರೇಷನ್ನೇ ಬೇಕು.

ಕೆಮ್ಮಿದಾಗ, ಭಾರ ಎತ್ತಿದಾಗ ಗಂಟು ಮೆತ್ತಗೆ ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ನೋವು ಇಲ್ಲದೆಯೂ ಇರಬಹುದು. ಇಂಥದ್ದನ್ನು ಗಾಬರಿಯಿಲ್ಲದೆ ಸರ್ಜನ್‌ಗೆ ತೋರಿಸಿ. ಹೆಂಗಸರು ಮಾತ್ರ ತಡ ಮಾಡಬಾರದು. ಅವರಲ್ಲಿ ಜಾಸ್ತಿ ಕಾಣುವ, ತೊಡೆಯ ಬುಡದ ಸಣ್ಣ ಹರ್ನಿಯಾ ಬೇಗ ಸಿಕ್ಕಿಕೊಳ್ಳುತ್ತದೆ.

ಸಿಕ್ಕಿಕೊಂಡದ್ದು ಗೊತ್ತಾಗುವುದು ಹೇಗೆ? ದಿನಾ ಒಳಗೆ ಹೋಗುತ್ತಿದ್ದ ಗಂಟು ಒಂದು ಸಂಜೆ ಮಲಗಿದರೂ ಹೋಗುವುದಿಲ್ಲ. ಗಟ್ಟಿಯಾಗಿದೆ, ಮುಟ್ಟಿದರೆ ವಿಪರೀತ ನೋವು. ಆಮೇಲೆ ವಾಂತಿ, ಹೊಟ್ಟೆ ಉಬ್ಬರ. ಮಲವಿರಲಿ, ಗಾಳಿಯೂ ಹೋಗುತ್ತಿಲ್ಲ. ಗಂಟಿನ ಚರ್ಮ ಕೆಂಪಾಗಿಯೋ ಕಪ್ಪಾಗಿಯೋ ಕಾಣಬಹುದು, ಜ್ವರವೂ ಬರಬಹುದು. ಒಳಗೆ ರಕ್ತದ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಲು ಶುರುವಾಗುತ್ತದೆ. ಎಲ್ಲ ಲಕ್ಷಣವೂ ಬರಲಿ ಎಂದು ದಯವಿಟ್ಟು ಕಾಯಬೇಡಿ. ಗಂಟನ್ನು ಬಲವಂತವಾಗಿ ಒತ್ತಬೇಡಿ. ಏನೂ ತಿನ್ನದೆ, ಕುಡಿಯದೆ, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಕ್ಷಣ ಹೋಗಿ.