ಹದಿನಾರು ಸೆಕೆಂಡಿನಲ್ಲಿ ತಾಯಿ ಕಂಡದ್ದನ್ನು ಹೇಗೆ ಬರೆಯುವುದು?

ಸಿನಿಮಾಗಳಿಗೆ ಆಡಿಯೋ ಡಿಸ್ಕ್ರಿಪ್ಷನ್, ಅಂದರೆ ಕಣ್ಣು ಕಾಣದ ಪ್ರೇಕ್ಷಕರಿಗಾಗಿ ದೃಶ್ಯವನ್ನು ಮಾತಿನಲ್ಲಿ ಹೇಳುವ ವಿವರಣೆ, ಬರೆಯುವುದೆಂದರೆ ತೆರೆಯ ಮೇಲೆ ಕಂಡದ್ದನ್ನೆಲ್ಲ ಹೇಳುತ್ತ ಹೋಗುವುದು ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಈ ಬರಹಕ್ಕೆ ಸಿಗುವುದು ಒಂದು ಸಂಭಾಷಣೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗ ಮಾತ್ರ. ಆ ಜಾಗದಲ್ಲೂ ಸದ್ದುಗಳಿರುತ್ತವೆ, ಹಿನ್ನೆಲೆ ಸಂಗೀತವಿರುತ್ತದೆ, ಬೇಕೆಂದೇ ಬಿಟ್ಟ ಮೌನವಿರುತ್ತದೆ. ಕಣ್ಣು ಕಾಣದ ಪ್ರೇಕ್ಷಕರು ಇವುಗಳನ್ನೆಲ್ಲ ನಮಗಿಂತ ಗಮನವಿಟ್ಟು ಕೇಳುತ್ತಿರುತ್ತಾರೆ. ಆದ್ದರಿಂದ ಏನನ್ನು ಹೇಳಬೇಕು ಎಂಬುದರಷ್ಟೇ, ಹೇಳಿದ ಮಾತು ಯಾವ ಕ್ಷಣದಲ್ಲಿ ಮುಗಿಯಬೇಕು ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಈ ಎರಡನೆಯದೇ ಹೆಚ್ಚು ಕಷ್ಟ ಎಂಬುದು ನನ್ನ ಅಭಿಪ್ರಾಯ.

ವಿವರಿಸಲು ಅನುಕೂಲವಾಗಲೆಂದು ನಾನೇ ಕಟ್ಟಿಕೊಂಡ ಒಂದು ದೃಶ್ಯವನ್ನು ಇಡುತ್ತೇನೆ. ಮಗ ತಾಯಿಗೆ, "ನಾಳೆ ಹುಬ್ಬಳ್ಳಿಗೆ ಹೋಗ್ತಿದೀನಿ ಕಣಮ್ಮ, ಇಂಟರ್‌ವ್ಯೂ ಇದೆ" ಎಂದು ಹೇಳಿ ಸ್ನಾನಕ್ಕೆ ಹೋಗುತ್ತಾನೆ. ಅಲ್ಲಿಂದ 16 ಸೆಕೆಂಡು ಯಾರೂ ಮಾತನಾಡುವುದಿಲ್ಲ. ತಾಯಿ ಬಾಗಿಲ ಕಡೆ ಒಮ್ಮೆ ನೋಡಿ, ಗೂಡಿನಿಂದ ಸಾಸಿವೆ ಡಬ್ಬಿ ಇಳಿಸುತ್ತಾಳೆ. 4ನೇ ಸೆಕೆಂಡಿಗೆ ಸ್ಟೀಲ್ ಮುಚ್ಚಳ ತೆರೆದ ಸದ್ದು. ಸಾಸಿವೆಯೊಳಗೆ ಕೈಹಾಕಿ ನೋಟುಗಳನ್ನು ತೆಗೆಯುತ್ತಾಳೆ. 7ನೇ ಸೆಕೆಂಡಿಗೆ ಮಗನ ಬ್ಯಾಗಿನ ಜಿಪ್ ತೆರೆದ ಸದ್ದು. ಒಳಗೆ ಒಂದು ರೈಲು ಟಿಕೆಟ್ಟು ಇದೆ, ಅದು ಮುಂಬೈಗೆ. ಅವಳು ಅದನ್ನೇ ನೋಡುತ್ತ ನಿಲ್ಲುತ್ತಾಳೆ. ಆಮೇಲೆ ನೋಟುಗಳನ್ನು ಟಿಕೆಟ್ಟಿನ ಜೊತೆಗೇ ಇಡುತ್ತಾಳೆ. 15ನೇ ಸೆಕೆಂಡಿಗೆ ಜಿಪ್ ಮುಚ್ಚುತ್ತದೆ, ಮಗ ಬರುತ್ತಾನೆ. "ಏನ್ ಮಾಡ್ತಿದೀಯಮ್ಮ?" ಎಂದು ಅವನು ಕೇಳಿದರೆ "ಚಪಾತಿ ಕಟ್ಟಿಟ್ಟೆ" ಎನ್ನುತ್ತಾಳೆ.

ವಿವರಣೆಯಿಲ್ಲದೆ ಕೇಳಿದವರಿಗೆ ಇದು ಒಂದು ಮುಚ್ಚಳದ ಸದ್ದು, ಎರಡು ಜಿಪ್ಪಿನ ಸದ್ದು ಮತ್ತು ಚಪಾತಿಯ ಮಾತು. ಆದರೆ ಸಿನಿಮಾದ ಮುಂದಿನ ಕಥೆ ನಿಂತಿರುವುದು ತಾಯಿಗೆ ವಿಷಯ ಗೊತ್ತಾಯಿತು, ಗೊತ್ತಾದ ಮೇಲೂ ಅವಳು ಹಣವಿಟ್ಟಳು ಎಂಬುದರ ಮೇಲೆ.

ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಬರೆಯುವ ಸಾಲು ಹೀಗಿರುತ್ತದೆ: "ತಾಯಿ ಮಗನಿಗೆ ತಿಳಿಯದಂತೆ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಹಣವನ್ನು ತೆಗೆದು ಅವನ ಬ್ಯಾಗಿನಲ್ಲಿಡಲು ಹೋಗಿ, ಅವನು ಮುಂಬೈಗೆ ಓಡಿಹೋಗುತ್ತಿರುವುದನ್ನು ಅರಿತು ದುಃಖಿಸುತ್ತಾಳೆ." ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ, ಓದಲು ಹಿತವಾಗಿಯೂ ಇದೆ. ಅದನ್ನು ಚಿತ್ರದ ಜೊತೆ ಓಡಿಸಿ ನೋಡಿದಾಗ ತೊಂದರೆ ತಿಳಿಯುತ್ತದೆ. ಇಂಗ್ಲಿಷಿನವರಂತೆ ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕ ನಮಗೆ ಒಗ್ಗುವುದಿಲ್ಲ, ಏಕೆಂದರೆ "ಓಡಿಹೋಗುತ್ತಿರುವುದನ್ನು" ಎಂಬುದೂ ನಮಗೆ ಒಂದೇ ಪದ. ಹಾಗಾಗಿ ನಾನು ಅಕ್ಷರ ಎಣಿಸುತ್ತೇನೆ, ನಿಧಾನವಾಗಿ ಓದುವ ಧ್ವನಿಗೆ ಸೆಕೆಂಡಿಗೆ 6 ಅಕ್ಷರ ಎಂದು ಹಿಡಿಯುತ್ತೇನೆ. ಈ ಸಾಲಿನಲ್ಲಿ 63 ಅಕ್ಷರಗಳಿವೆ, ಓದಲು ಹತ್ತೂವರೆ ಸೆಕೆಂಡು ಬೇಕು. ಮುಚ್ಚಳದ ಸದ್ದು "ಹಣವನ್ನು" ಎಂಬ ಪದದ ಮೇಲೆ ಬಿದ್ದು ಎರಡೂ ಕೆಡುತ್ತವೆ. ಜಿಪ್ಪಿನ ಸದ್ದಿನ ಹಿಂದೆಯೇ "ಮುಂಬೈಗೆ" ಎಂಬುದು ಕೇಳುತ್ತದೆ. ತಾಯಿಯ ಕಣ್ಣಿಗೆ ಟಿಕೆಟ್ಟು ಬೀಳುವ ಮೊದಲೇ ಪ್ರೇಕ್ಷಕರಿಗೆ ಊರು ಗೊತ್ತಾಗಿಬಿಡುತ್ತದೆ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಸಮಸ್ಯೆ ಇನ್ನಷ್ಟು ದೊಡ್ಡದಾಗುತ್ತದೆ. ವಾಕ್ಯ ಎಷ್ಟು ಉದ್ದವಾಗುತ್ತದೋ ಯಾರು ಏನು ಮಾಡಿದರು ಎಂಬುದು ಅಷ್ಟು ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಆ ಕೆಲಸದ ಸದ್ದು ಕಿವಿಗೆ ಬಿದ್ದು ಹೋಗಿರುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ದೋಷವೂ ಇದೆ. "ಓಡಿಹೋಗುತ್ತಿರುವುದು" ಮತ್ತು "ದುಃಖಿಸುತ್ತಾಳೆ" ಎಂಬ ಮಾತುಗಳು ತೆರೆಯ ಮೇಲಿಲ್ಲ. ಅವು ಬರೆದವರ ತೀರ್ಮಾನ. ಕಾಣುತ್ತಿರುವುದು ಟಿಕೆಟ್ಟು ಮಾತ್ರ. ಹುಬ್ಬಳ್ಳಿ ಎಂಬ ಮಾತನ್ನು ಆಗಷ್ಟೇ ಕೇಳಿದ ಪ್ರೇಕ್ಷಕರಿಗೆ ಮುಂಬೈ ಎಂಬ ಹೆಸರು ಸಾಕು, ಉಳಿದದ್ದನ್ನು ಕೂಡಿಸಿಕೊಳ್ಳುವ ಬುದ್ಧಿ ಅವರಿಗೂ ಇದೆ.

ನಾನಾದರೆ ಹೀಗೆ ಒಡೆಯುತ್ತೇನೆ. ದೃಶ್ಯದ ಆರಂಭಕ್ಕೆ: "ತಾಯಿ ಬಾಗಿಲತ್ತ ನೋಡಿ, ಸಾಸಿವೆ ಡಬ್ಬಿ ಇಳಿಸುತ್ತಾಳೆ." ಇದು 3 ಸೆಕೆಂಡಿಗೆ ಮುಗಿಯುತ್ತದೆ, ಆಮೇಲೆ ಮುಚ್ಚಳದ ಸದ್ದು ತಾನೇ ಕೇಳಿಸುತ್ತದೆ. "ಮುಚ್ಚಳ ತೆರೆಯುತ್ತಾಳೆ" ಎಂದು ಹೇಳಬೇಕಾಗಿಯೇ ಇಲ್ಲ. ಸದ್ದು ಅಡಗಿದೊಡನೆ: "ಸಾಸಿವೆಯೊಳಗಿಂದ ಐನೂರರ ನೋಟುಗಳು." ಕ್ರಿಯಾಪದವನ್ನು ಬಿಟ್ಟಿದ್ದರಿಂದ ಮುಖ್ಯವಾದ ವಸ್ತು ವಾಕ್ಯದ ಕೊನೆಗೆ, ಜಿಪ್ಪಿನ ಸದ್ದಿಗೆ ತುಸು ಮುಂಚೆ ಬಂದು ನಿಂತಿತು. 8ನೇ ಸೆಕೆಂಡಿಗೆ: "ಮಗನ ಬ್ಯಾಗಿನಲ್ಲಿ ರೈಲು ಟಿಕೆಟ್ಟು. ಮುಂಬೈಗೆ." ಇಲ್ಲಿ ಊರಿನ ಹೆಸರು ಅವಳು ಓದಿದ ಹೊತ್ತಿಗೇ ನಮಗೂ ಸಿಗುತ್ತದೆ. ಅಲ್ಲಿಂದ ಎರಡು ಸೆಕೆಂಡು ಏನನ್ನೂ ಹೇಳುವುದಿಲ್ಲ. ಆಮೇಲೆ: "ನೋಟುಗಳನ್ನು ಟಿಕೆಟ್ಟಿನ ಜೊತೆ ಇಡುತ್ತಾಳೆ." ಜಿಪ್ ಮುಚ್ಚುತ್ತದೆ. ಎಣಿಸಿ ನೋಡಿದರೆ ಇಲ್ಲೂ ಇರುವುದು 63 ಅಕ್ಷರಗಳೇ.

ಆ ಎರಡು ಸೆಕೆಂಡುಗಳ ಬಗ್ಗೆ ರೆಕಾರ್ಡಿಂಗ್‌ನಲ್ಲಿ ವಾದ ಬರುವುದುಂಟು. "ಅಲ್ಲಿ ಖಾಲಿ ಇದೆಯಲ್ಲ, ಅವಳ ಕಣ್ಣು ತುಂಬಿತು ಎಂದು ಸೇರಿಸಬಹುದಲ್ಲ?" ಎಂದು ಕೇಳುತ್ತಾರೆ. ಕಣ್ಣು ನಿಜವಾಗಿ ತುಂಬಿದ್ದು ಕ್ಯಾಮೆರಾ ಅದನ್ನು ಹತ್ತಿರದಿಂದ ತೋರಿಸಿದ್ದರೆ ಸೇರಿಸಬೇಕು. ನಟಿ ಮುಖದಲ್ಲಿ ಏನನ್ನೂ ತೋರಿಸದೆ ನಿಂತಿದ್ದರೆ ಆ ಮೌನವನ್ನು ಹಾಗೆಯೇ ಬಿಡಬೇಕು. ಅದು ನಿರ್ದೇಶಕರು ಬೇಕೆಂದೇ ಇಟ್ಟದ್ದು, ಅದನ್ನು ತುಂಬುವ ಅಧಿಕಾರ ನಮಗಿಲ್ಲ.

ಗೌರವವಾಚಕದ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಾಯಿಯನ್ನು "ಇಡುತ್ತಾಳೆ" ಎನ್ನುವುದು ಸರಿಯೇ, "ಇಡುತ್ತಾರೆ" ಎನ್ನಬೇಡವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬಹುವಚನ ಬಳಸಿದರೆ ಆ ಕ್ರಿಯಾಪದದಿಂದ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ತಿಳಿಯುವುದಿಲ್ಲ, ಪ್ರತಿ ಸಲವೂ "ತಾಯಿ" ಎಂದು ಸೇರಿಸಬೇಕಾಗುತ್ತದೆ. ಏಕವಚನದ ಕ್ರಿಯಾಪದವೊಂದೇ ಕರ್ತೃವನ್ನೂ ಹೇಳಿಬಿಡುವುದರಿಂದ ಜಾಗ ಉಳಿಯುತ್ತದೆ. ಕಥೆಯಲ್ಲಿ ಎಲ್ಲರೂ ಗೌರವದಿಂದ ಕಾಣುವ ಮೇಷ್ಟರು ಇದ್ದರೆ ನಾನೂ ಬಹುವಚನವನ್ನೇ ಬಳಸುತ್ತೇನೆ, ಆದರೆ ಒಮ್ಮೆ ಆರಿಸಿದ ಮೇಲೆ ಕೊನೆಯವರೆಗೂ ಬದಲಿಸುವುದಿಲ್ಲ. ನಡುವೆ ಬದಲಾದರೆ ಹೊಸಬರು ಯಾರೋ ಬಂದರೆಂದು ಕೇಳುವವರು ತಿಳಿಯುತ್ತಾರೆ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಬರೆದವರು ಕಣ್ಣು ಮುಚ್ಚಿ ಕೇಳಿದರೆ ಸಾಲದು, ಚಿತ್ರ ಅವರ ತಲೆಯಲ್ಲಿ ಆಗಲೇ ಇದೆ. ಕಣ್ಣು ಕಾಣದ ಒಬ್ಬರನ್ನು ಕೂರಿಸಿ, "ಅರ್ಥವಾಯಿತೇ?" ಎಂದು ಕೇಳುವ ಬದಲು, "ಮಗ ಹೊರಡುವಾಗ ತಾಯಿಗೆ ಏನು ಗೊತ್ತಿತ್ತು?" ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಎಲ್ಲರೂ ಮರ್ಯಾದೆಗೆ ಹೌದು ಎನ್ನುತ್ತಾರೆ. ಎರಡನೆಯದಕ್ಕೆ "ಹಣ ಕೊಟ್ಟಳು" ಎಂದಷ್ಟೇ ಉತ್ತರ ಬಂದರೆ ಮೂರನೆಯ ಸಾಲು ಕೆಟ್ಟಿದೆ ಎಂದರ್ಥ. ಬಹುಪಾಲು "ಮುಂಬೈಗೆ" ಎಂಬುದು ಸಂಗೀತದಲ್ಲಿ ಮುಳುಗಿರುತ್ತದೆ, ಆ ಒಂದು ಪದದ ಕೆಳಗೆ ಸಂಗೀತವನ್ನು ತಗ್ಗಿಸಿದರೆ ಸರಿಹೋಗುತ್ತದೆ.

ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಚಿತ್ರಮಂದಿರಗಳಲ್ಲಿ ಸಿನಿಮಾ ಎಟುಕುವಂತೆ ಮಾಡುವ ಮಾರ್ಗಸೂಚಿ ಹೊರಡಿಸಿದ ಮೇಲೆ ಈ ಕೆಲಸಕ್ಕೆ ಬೇಡಿಕೆ ಬರತೊಡಗಿದೆ. ಆದರೆ ಬಿಡುಗಡೆಗೆ ಒಂದು ವಾರ ಇರುವಾಗ ಇಂಗ್ಲಿಷ್ ವಿವರಣೆಯನ್ನು ಕೈಗಿಟ್ಟು ಕನ್ನಡಕ್ಕೆ ತಿರುಗಿಸಿ ಎನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು, ವಸ್ತು ಆಮೇಲೆ ಬರುವಂತೆ ಅಳೆದು ಕೂರಿಸಿದ ಸಾಲು ಕನ್ನಡಕ್ಕೆ ಬಂದಾಗ ಆ ಕ್ರಮ ತಿರುಗಿ, ಅಳತೆ ಪೂರ್ತಿ ತಪ್ಪುತ್ತದೆ. ಚಿತ್ರವನ್ನೇ ಮುಂದಿಟ್ಟುಕೊಂಡು, ಮೊದಲು ಸದ್ದುಗಳ ಸಮಯವನ್ನು ಗುರುತಿಸಿಕೊಂಡು, ಆಮೇಲೆ ನೇರವಾಗಿ ಕನ್ನಡದಲ್ಲೇ ಬರೆಯಲು ಬೇಕಾದಷ್ಟು ದಿನಗಳನ್ನು ನಿರ್ಮಾಪಕರು ಕೊಡಬೇಕು.