ಬೀಗ ಬದಲಾಗಿದೆ ಅಂದ ಮಾತ್ರಕ್ಕೆ ಕಳ್ಳ ಬಂದ ಅಂತಲ್ಲ

ಮೊನ್ನೆ ರಾತ್ರಿ ಹತ್ತೂವರೆಗೆ ಚಿಕ್ಕಮ್ಮ ಫೋನ್ ಮಾಡಿದ್ರು. ವಾಟ್ಸಾಪ್ ಕಾಲ್ ಅಲ್ಲ, ಮಾಮೂಲಿ ಕಾಲ್. "ಏನೋ, ನಿನ್ನ ವಾಟ್ಸಾಪನ್ನ ಯಾರೋ ಹ್ಯಾಕ್ ಮಾಡಿದ್ದಾರಾ? ನಂಗೇನೋ ಬಂದಿದೆ ನೋಡು" ಅಂದ್ರು. ಏನು ಬಂದಿದೆ ಓದಿ ಚಿಕ್ಕಮ್ಮ ಅಂದೆ. ಕನ್ನಡಕ ಹುಡುಕಿ, ನಿಧಾನವಾಗಿ ಓದಿದ್ರು. ನನ್ನ ಜೊತೆಗಿನ ಸೆಕ್ಯುರಿಟಿ ಕೋಡ್ ಬದಲಾಗಿದೆ, ಹೆಚ್ಚು ತಿಳಿಯಲು ಒತ್ತಿ, ಅಷ್ಟೇ. ಅವತ್ತು ಸಂಜೆ ನಾನು ಹಳೇ ಫೋನಿಂದ ಹೊಸ ಫೋನಿಗೆ ಬಂದಿದ್ದೆ. ನಾನೇ ಚಿಕ್ಕಮ್ಮ, ಹೊಸ ಫೋನು ಅಂದೆ. "ಹಂಗಂತ ಬರೀಬಾರದಾ ಅವರು" ಅಂತ ಬೈದು ಇಟ್ಟರು.

ಅವರ ಬೈಗುಳ ನ್ಯಾಯವಾದದ್ದೇ. ಆದರೆ "ಹೊಸ ಫೋನು" ಅಂತ ಬರೆಯೋಕೆ ಆ ಆ್ಯಪಿಗೆ ಸಾಧ್ಯವೇ ಇಲ್ಲ, ಯಾಕಂದ್ರೆ ಅದಕ್ಕೆ ಗೊತ್ತಿರೋದು ಅಷ್ಟಲ್ಲ.

ವಾಟ್ಸಾಪ್ ಅನ್ನು ಒಂದು ಫೋನಿನಲ್ಲಿ ಇನ್‌ಸ್ಟಾಲ್ ಮಾಡಿ ನಂಬರ್ ರಿಜಿಸ್ಟರ್ ಮಾಡಿದಾಗ, ಆ ಫೋನೇ ತನ್ನೊಳಗೆ ಒಂದು ಜೋಡಿ ಕೀಲಿ ತಯಾರಿಸುತ್ತೆ. ಒಂದು ಗುಟ್ಟಿನದು, ಅದು ಫೋನ್ ಬಿಟ್ಟು ಹೊರಗೆ ಹೋಗಲ್ಲ. ಇನ್ನೊಂದು ಬಹಿರಂಗದ್ದು, ಅದನ್ನ ಸರ್ವರ್ ಮೂಲಕ ನಿಮ್ಮ ಜೊತೆ ಮಾತಾಡೋ ಎಲ್ಲರ ಫೋನಿಗೂ ಕೊಡ್ತಾರೆ. ಬಹಿರಂಗದ್ದನ್ನ ತೆರೆದಿಟ್ಟ ಬೀಗ ಅಂದ್ಕೊಳ್ಳಿ. ಯಾರು ಬೇಕಾದರೂ ಅದನ್ನ ಹಾಕಿ ನಿಮಗೆ ಕಳಿಸೋ ಮೆಸೇಜನ್ನ ಮುಚ್ಚಬಹುದು, ತೆಗೆಯೋ ಕೀಲಿ ಮಾತ್ರ ನಿಮ್ಮ ಫೋನಿನಲ್ಲಿ. ನನ್ನ ಬೀಗ ಮತ್ತು ಚಿಕ್ಕಮ್ಮನ ಬೀಗ ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ಗುರುತೇ ಸೆಕ್ಯುರಿಟಿ ಕೋಡ್. 60 ಅಂಕಿ, ಅರ್ಧ ನನ್ನದು, ಅರ್ಧ ಅವರದು. ಅವರ ಹೆಸರಿನ ಮೇಲೆ ಒತ್ತಿ, ಎನ್‌ಕ್ರಿಪ್ಷನ್ ಅನ್ನೋ ಸಾಲು ತೆರೆದರೆ ಐದೈದು ಅಂಕಿಯ 12 ಗುಂಪು ಕಾಣುತ್ತೆ, ಮೇಲೊಂದು ಕ್ಯೂಆರ್ ಚೌಕ.

ಫೋನ್ ಬದಲಾಯಿಸಿದರೆ ಅಥವಾ ಆ್ಯಪ್ ತೆಗೆದು ಮತ್ತೆ ಹಾಕಿದರೆ ಹೊಸ ಜೋಡಿ ಹುಟ್ಟುತ್ತೆ, ಅರ್ಧ ಅಂಕಿ ಬದಲಾಗುತ್ತೆ. "ಬ್ಯಾಕಪ್‌ನಿಂದ ಎಲ್ಲಾ ಚಾಟ್ ವಾಪಸ್ ಬಂತಲ್ಲ, ಮತ್ಯಾಕೆ ಕೋಡ್ ಬದಲಾಯ್ತು" ಅಂತ ಕೇಳ್ತಾರೆ. ಬ್ಯಾಕಪ್‌ನಲ್ಲಿ ಇರೋದು ಮಾತುಕತೆ, ಕೀಲಿ ಅಲ್ಲ. ಕಂಪ್ಯೂಟರಿನಲ್ಲಿ ವಾಟ್ಸಾಪ್ ಜೋಡಿಸಿದಾಗ, ತೆಗೆದಾಗಲೂ ಕೋಡ್ ಬದಲಾಗೋದುಂಟು. ಫೋನ್ ಆಫ್ ಮಾಡಿ ಆನ್ ಮಾಡಿದ್ದಕ್ಕೆ, ಚಾಟ್ ಅಳಿಸಿದ್ದಕ್ಕೆ, ಡಿಪಿ ಬದಲಾಯಿಸಿದ್ದಕ್ಕೆ ಬದಲಾಗಲ್ಲ.

ಅಂದರೆ ಆ ಸಾಲು ಹೇಳೋದು ಬಾಗಿಲಿಗೆ ಬೇರೆ ಬೀಗ ಬಿದ್ದಿದೆ ಅಂತ. ಒಳಗೆ ಇರೋರು ಯಾರು ಅಂತ ಅಲ್ಲ. ಹೆಚ್ಚಿನ ಸಲ ಒಳಗೆ ಅದೇ ಮನುಷ್ಯನೇ ಇರ್ತಾನೆ, ಕೈಯಲ್ಲಿ ಹೊಸ ಫೋನ್ ಹಿಡ್ಕೊಂಡು. (ಇದು ಎಲ್ಲರಿಗೂ ಕಾಣಿಸಲ್ಲ. `Settings > Account > Security notifications` ಅನ್ನೋ ಕಡೆ ಆನ್ ಮಾಡಿದವರಿಗೆ ಕಾಣುತ್ತೆ. ಚಿಕ್ಕಮ್ಮನ ಫೋನಿನಲ್ಲಿ ಆನ್ ಮಾಡಿಟ್ಟವನು ನಾನೇ, ಅದನ್ನ ಅವರಿಗೆ ಹೇಳಿಲ್ಲ.)

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ಸಲ ಎಡವಿದೆ. ಎರಡು ತಿಂಗಳ ಹಿಂದೆ, ಮಧ್ಯಾಹ್ನ ಎರಡು ಗಂಟೆ ದಾಟಿತ್ತು, ಆಫೀಸಿನ ಗೆಳೆಯನೊಬ್ಬನ ಚಾಟ್‌ನಲ್ಲಿ ಇದೇ ಸಾಲು ಬಂತು. ಫೋನ್ ಬದಲಾಯಿಸಿರ್ತಾನೆ ಅಂತ ಮುಂದೆ ಹೋದೆ. ಇಪ್ಪತ್ತು ನಿಮಿಷಕ್ಕೆ ಅವನಿಂದ ಮೆಸೇಜು, ಅರ್ಜೆಂಟಾಗಿ ಸ್ವಲ್ಪ ದುಡ್ಡು ಬೇಕಿತ್ತು, ಸಂಜೆ ವಾಪಸ್ ಕೊಡ್ತೀನಿ ಅಂತ. ಕಳಿಸೋಕೆ ಹೊರಟೇ ಇದ್ದೆ. ಅವತ್ತು ಬೆಳಗ್ಗೆ ಅವನಿಗೊಂದು ಫೈಲ್ ಎಲ್ಲಿದೆ ಅಂತ ಕೇಳಿದ್ದೆ, ಎರಡು ಟಿಕ್ ಬಿದ್ದಿತ್ತು, ಉತ್ತರ ಬಂದಿರಲಿಲ್ಲ. ಕೋಪಕ್ಕೆ, "ಮೊದಲು ಬೆಳಗ್ಗೆ ಕೇಳಿದ್ದಕ್ಕೆ ಉತ್ತರ ಕೊಡು" ಅಂತ ಬರೆದೆ.

"ಯಾವುದು?" ಅಂತ ಬಂತು.

ಮೇಲೆ ನೋಡಿದರೆ ನನ್ನ ಪ್ರಶ್ನೆ ಅಲ್ಲೇ ಇದೆ. ನನ್ನ ಪರದೆಯ ಮೇಲೆ ಇದೆ. ಅವನ ಪರದೆಯ ಮೇಲೆ ಇರಲಿಲ್ಲ.

ಆಗಿದ್ದು ಇಷ್ಟು. ಅವನಿಗೆ ಯಾರೋ ಫೋನ್ ಮಾಡಿ, ಪಾರ್ಸೆಲ್ ಅಂತ ಏನೇನೋ ಹೇಳಿ, ಎಸ್ಎಂಎಸ್‌ನಲ್ಲಿ ಬಂದ ಆರು ಅಂಕಿ ಓದಿಸಿಕೊಂಡಿದ್ದಾರೆ. ಅದು ಪಾರ್ಸೆಲ್ಲಿನದಲ್ಲ, ವಾಟ್ಸಾಪ್ ರಿಜಿಸ್ಟರ್ ಮಾಡೋ ಕೋಡು. ಕಳ್ಳ ತನ್ನ ಫೋನಿನಲ್ಲಿ ಇವನ ನಂಬರ್ ರಿಜಿಸ್ಟರ್ ಮಾಡಿಕೊಂಡ, ಆ ಫೋನಿನಲ್ಲಿ ಹೊಸ ಕೀಲಿ ಹುಟ್ಟಿತು, ನಮಗೆಲ್ಲ ಆ ಸಾಲು ಬಂತು. ಹಳೇ ಮಾತುಕತೆ ಇವನ ಫೋನಿನಲ್ಲೇ ಉಳಿಯಿತು. ಕಳ್ಳನಿಗೆ ಸಿಕ್ಕಿದ್ದು ಖಾಲಿ ಪಟ್ಟಿ, ಜೊತೆಗೆ ಇವನು ಇದ್ದ ಗುಂಪುಗಳು. ಆಫೀಸಿನ ಗುಂಪಿನಿಂದಲೇ ನಮ್ಮೆಲ್ಲರ ನಂಬರ್ ಹೆಕ್ಕಿಕೊಂಡಿದ್ದಾನೆ. ಅದಕ್ಕೇ ಈ ಕಳ್ಳರ ಮೊದಲ ಮಾತು ಯಾವಾಗಲೂ ಯಾರಿಗಾದರೂ ಹೊಂದುವಂಥದ್ದು. ನಿಮ್ಮ ನಡುವಿನ ನಿನ್ನೆಯ ವಿಷಯ ಎತ್ತಿದರೆ ತಡವರಿಸ್ತಾರೆ. ಬ್ಯಾಕಪ್ ಇರೋ ಅಕೌಂಟಿನ ಪಾಸ್‌ವರ್ಡೂ ಕದ್ದಿದ್ದರೆ ಈ ಪರೀಕ್ಷೆ ನಡೆಯಲ್ಲ ಅನ್ನೋದು ನೆನಪಿರಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನನ್ನ ಪ್ರಶ್ನೆಗೆ ಬೆಳಗ್ಗೆಯೇ ಎರಡು ಟಿಕ್ ಬಿದ್ದಿದ್ದಕ್ಕೆ ಅದು ಕಳ್ಳನಿಗೆ ಹೋಗಲಿಲ್ಲ. ಒಂದೇ ಟಿಕ್‌ನಲ್ಲಿ ಕಾಯ್ತಾ ಇದ್ದಿದ್ದರೆ, ಹೊಸ ಕೀಲಿ ಬಂದ ಕೂಡಲೇ ನನ್ನ ಫೋನೇ ಅದನ್ನ ಹೊಸ ಬೀಗ ಹಾಕಿ ಮತ್ತೆ ಕಳಿಸ್ತಿತ್ತು. 2017ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಇದನ್ನೇ ಹಿಂಬಾಗಿಲು ಅಂತ ಬರೆದು ದೊಡ್ಡ ಗಲಾಟೆ ಆಗಿತ್ತು. ಈ ವಿಷಯದಲ್ಲಿ ಪಳಗಿದ ಅನೇಕರು ಅದು ತಪ್ಪು ಅಂದರು, ಅದೇ ವರ್ಷ ಪತ್ರಿಕೆಯೂ ತನ್ನ ವರದಿಯಲ್ಲಿ ದೋಷ ಇತ್ತು ಅಂತ ಒಪ್ಪಿತು. ನನ್ನ ಮಟ್ಟಿಗೂ ಅದು ಹಿಂಬಾಗಿಲಲ್ಲ. ಫೋನ್ ಕೆಟ್ಟು ಹೊಸದು ತಗೊಂಡ ಲಕ್ಷಾಂತರ ಜನರಿಗೆ ಮೆಸೇಜು ತಪ್ಪಬಾರದು ಅಂತ ಮಾಡಿದ ಆಯ್ಕೆ. ಆದರೂ ಗುಟ್ಟಿನ ವಿಷಯ ಕಳಿಸಿ ಒಂದೇ ಟಿಕ್ ಬಿದ್ದಿದ್ದರೆ, ಆ ಆಯ್ಕೆಯ ಬೆಲೆ ನಿಮ್ಮ ಮೇಲೆ ಬೀಳಬಹುದು.

"ಯಾವುದು?" ನೋಡಿದ ಮೇಲೆ ನಾನು ಅವನಿಗೆ ಫೋನ್ ಮಾಡಿದೆ. ಇಲ್ಲಿ ಜನ ತಪ್ಪು ಮಾಡ್ತಾರೆ, ಚಾಟ್ ತೆರೆದೇ ಇರೋದರಿಂದ ಮೇಲಿನ ಕಾಲ್ ಗುರುತನ್ನೇ ಒತ್ತಿಬಿಡ್ತಾರೆ. ಅದು ಹೋಗೋದು ಕಳ್ಳನ ಫೋನಿಗೆ. ಮಾಮೂಲಿ ಕಾಲ್ ಮಾಡಬೇಕು, ಸಿಮ್ ಇನ್ನೂ ಗೆಳೆಯನ ಹತ್ತಿರವೇ ಇರುತ್ತೆ. ಎತ್ತಿದ. "ಮಧ್ಯಾಹ್ನದಿಂದ ವಾಟ್ಸಾಪ್ ಓಪನ್ನೇ ಆಗ್ತಿಲ್ಲ ಕಣೋ, ಈ ನಂಬರ್ ಈ ಫೋನಿನಲ್ಲಿ ರಿಜಿಸ್ಟರ್ ಆಗಿಲ್ಲ ಅಂತಿದೆ" ಅಂದ. ಸಿಮ್ಮನ್ನೇ ಡೂಪ್ಲಿಕೇಟ್ ಮಾಡಿಸಿ ಕದ್ದಿದ್ದರೆ ಮಾಮೂಲಿ ಕಾಲ್ ಕೂಡ ಕಳ್ಳನಿಗೇ ಹೋಗುತ್ತೆ. ಧ್ವನಿ ಬೇರೆ ಇದ್ದರೆ, ಎತ್ತದೆ ಕಟ್ ಮಾಡಿ "ಮೆಸೇಜ್ ಮಾಡು" ಅಂದರೆ, ಅವರ ಮನೆಯ ಇನ್ನೊಬ್ಬರಿಗೆ ಮಾಡಿ.

ಆ 60 ಅಂಕಿ ತಾಳೆ ನೋಡಿದರೆ ಸಾಕಲ್ವಾ ಅಂತ ಕೇಳೋರಿಗೆ: ಕಳ್ಳನ ಜೊತೆಗೂ ಆ ಅಂಕಿಗಳು ತಾಳೆ ಆಗ್ತವೆ! ಈಗಿನ ಕೀಲಿ ನಿಜವಾಗಿಯೂ ಅವನ ಫೋನಿನದೇ, ಚಾಟ್‌ನಲ್ಲಿ ಕೇಳಿದರೆ ಸರಿಯಾಗಿಯೇ ಕಳಿಸ್ತಾನೆ. ಅಂಕಿಗಳು ಖಾತ್ರಿ ಮಾಡೋದು ನಡುವೆ ಕೂತು ಯಾರೂ ಓದ್ತಿಲ್ಲ ಅನ್ನೋದನ್ನ. ಆಚೆ ತುದಿಯಲ್ಲಿರೋ ಮನುಷ್ಯ ಯಾರು ಅನ್ನೋದನ್ನ ಮುಖ ನೋಡಿ ಅಥವಾ ಗುರುತಿರೋ ಧ್ವನಿ ಕೇಳಿ ನೀವೇ ಖಾತ್ರಿ ಮಾಡಿಕೊಳ್ಳಬೇಕು. ಮಾಹಿತಿ ಕೊಡೋರ ಹೆಸರು ಮುಚ್ಚಿಡಬೇಕಾದ ಪತ್ರಕರ್ತರಿಗೆ ಎದುರುಬದುರು ಕೂತು ಕ್ಯೂಆರ್ ಸ್ಕ್ಯಾನ್ ಮಾಡೋದು ಬೇಕೇ ಬೇಕು. ಚಿಕ್ಕಮ್ಮನಿಗೆ ಬೇಡ.

ಇನ್ನೊಂದು ಜಾತಿಯ ಬದಲಾವಣೆ ಇದೆ, ಕಳ್ಳತನವೂ ಅಲ್ಲ, ಹೊಸ ಫೋನೂ ಅಲ್ಲ. ಬಹಳ ದಿನದಿಂದ ಮಾತಿಲ್ಲದ ಯಾರದೋ ಚಾಟ್‌ನಲ್ಲಿ ಸಾಲು ಬರುತ್ತೆ, ಡಿಪಿಯಲ್ಲಿ ಗುರುತಿಲ್ಲದ ಮುಖ. ಅವರು ಬಿಟ್ಟ ನಂಬರನ್ನ ಕಂಪನಿ ಬೇರೆಯವರಿಗೆ ಕೊಟ್ಟಿದೆ. ಆ ಹೊಸಬರು ಪಾಪ ಏನೂ ಮಾಡಿಲ್ಲ. ಆದರೆ ಹಳೇ ಸಲಿಗೆಯಲ್ಲಿ ನೀವು ಕಳಿಸೋ ಫೋಟೋ ಅವರಿಗೆ ಹೋಗುತ್ತೆ. ಹೆಸರು ಅಳಿಸಿ ಬಿಡಿ.

ಹಾಗೆಯೇ, ಸಾಲು ಬಂದಿಲ್ಲ ಅಂದರೆ ಎಲ್ಲ ಕ್ಷೇಮ ಅಂತಲೂ ಅಲ್ಲ. ಅನ್‌ಲಾಕ್ ಆದ ಫೋನ್ ಇನ್ನೊಬ್ಬರ ಕೈಯಲ್ಲಿದ್ದರೆ, ಫೋನಿನೊಳಗೇ ಗೂಢಚಾರ ಆ್ಯಪ್ ಕೂತಿದ್ದರೆ, ಕೀಲಿ ಹಳೆಯದೇ, ಕೋಡೂ ಹಳೆಯದೇ.

ನನ್ನ ಲೆಕ್ಕ ಹೀಗೆ. ಸಾಲು ಬಂತು, ಹಿಂದೆ ಮುಂದೆ ಏನೂ ಇಲ್ಲ, ಅಥವಾ ಅವರೇ ಫೋನ್ ತಗೊಂಡೆ ಅಂತ ಮೊದಲೇ ಹೇಳಿದ್ದರು, ನಾನು ತಲೆ ಕೆಡಿಸಿಕೊಳ್ಳಲ್ಲ. ಸಾಲಿನ ಬೆನ್ನಿಗೇ ದುಡ್ಡು, ಓಟಿಪಿ, ಲಿಂಕು, ಇದರಲ್ಲಿ ಯಾವುದಾದರೂ ಬಂತು, ಕಾಲ್ ಮಾಡದೆ ಒಂದಕ್ಷರ ಬರೆಯಲ್ಲ. ನೀವು ಏನೂ ಮಾಡದೆ ನಾಲ್ಕು ಜನ "ನಿನ್ನ ಕೋಡ್ ಬದಲಾಗಿದೆ" ಅಂದರೆ ನಿಮ್ಮ ವಾಟ್ಸಾಪ್ ತೆರೆದು ನೋಡಿ. ತೆರೀತಿಲ್ಲ ಅಂದರೆ ತಡ ಮಾಡದೆ ಮತ್ತೆ ರಿಜಿಸ್ಟರ್ ಮಾಡಿ. ತೆರೀತಿದೆ ಅಂದರೆ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ ನೋಡಿ.

ಗೆಳೆಯ ಅವತ್ತೇ ಮತ್ತೆ ರಿಜಿಸ್ಟರ್ ಮಾಡಿದ. ಹೊಸ ಆರು ಅಂಕಿ ಅವನ ಸಿಮ್ಮಿಗೇ ಬಂತು, ಹಾಕಿದ ಕೂಡಲೇ ಕಳ್ಳ ಹೊರಗೆ ಬಿದ್ದ. ಆದರೆ ಆ ಖದೀಮ ಅಷ್ಟರಲ್ಲಿ, ರಿಜಿಸ್ಟರ್ ಮಾಡುವಾಗ ಓಟಿಪಿ ಆದಮೇಲೆ ಕೇಳೋ ಟೂ ಸ್ಟೆಪ್ ಪಿನ್ ಹಾಕಿಟ್ಟಿದ್ದ. ಆ ಪಿನ್ ಇವನೇ ಮೊದಲು ಹಾಕಿದ್ದಿದ್ದರೆ ಓಟಿಪಿ ಓದಿ ಹೇಳಿದರೂ ಕಳ್ಳ ಒಳಗೆ ಬರೋಕೆ ಆಗ್ತಿರಲಿಲ್ಲ. ಈಗ ಅದೇ ಪಿನ್ನಿಂದ ಇವನೇ 7 ದಿನ ಹೊರಗೆ ಕಾಯಬೇಕಾಯ್ತು.

ಎಂಟನೇ ದಿನ ಅವನ ಚಾಟ್‌ನಲ್ಲಿ ಮತ್ತೆ ಅದೇ ಸಾಲು, ಅಕ್ಷರ ಕೂಡ ಬದಲಾಗಿಲ್ಲ. ಕಾಲ್ ಮಾಡಿದೆ. "ನಾನೇ ಮಾರಾಯ" ಅಂದ. ಅದು ಆಮೇಲೆ, ಫೈಲ್ ಎಲ್ಲಿದೆ ಹೇಳು ಅಂದೆ. "ಅವತ್ತೇ ಮೇಲ್ ಮಾಡಿದೀನಲ್ಲೋ, ನೋಡೇ ಇಲ್ವಾ?" ಅಂದ.