ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ಅಣ್ಣನಿಗೂ ನನಗೂ ಒಂದೇ ರೀತಿಯಲ್ಲಿ ಕಿವಿ ಮಂದವಾಗುತ್ತಾ ಬಂದಿದೆ. ಅಪ್ಪನಿಗೂ ಹೀಗೇ ಆಗಿತ್ತು. ಅಣ್ಣ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿದ್ದಾನೆ, ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಬ್ಬರದೂ ದಿನಕ್ಕೆ ಮೂರು ನಾಲ್ಕು ಮೀಟಿಂಗ್ ಇರುವ ಕೆಲಸ. ಹೋದ ವರ್ಷ ಫೋನಿನಲ್ಲಿ ಈ ವಿಷಯ ಎತ್ತಿದಾಗ ಅವನು, "ಸುಮ್ನಿರೋ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು" ಅಂದ.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಇಲ್ಲಿನ ಕಾನೂನಿನಲ್ಲೂ ಅದೇ ಪದ ಇದೆ. 2010ರ ಈಕ್ವಾಲಿಟಿ ಆಕ್ಟ್ ಅದನ್ನು 'ರೀಸನಬಲ್ ಅಡ್ಜಸ್ಟ್‌ಮೆಂಟ್' ಅನ್ನುತ್ತದೆ. ಆದರೆ ಇಲ್ಲಿ ಅಡ್ಜಸ್ಟ್ ಆಗಬೇಕಾದದ್ದು ಆಫೀಸು. ಖರ್ಚನ್ನೂ ಅದು ನೌಕರನ ತಲೆಗೆ ಕಟ್ಟುವಂತಿಲ್ಲ. ನಮ್ಮಲ್ಲಿ ಕೇಳಿಸದವನೇ ಹೊಂದಿಕೊಳ್ಳಬೇಕು. ನಗುವವರ ಜೊತೆ ನಗಬೇಕು, ತಲೆಯಾಡಿಸಬೇಕು, ಆಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳಿ ತಿಳಿದುಕೊಳ್ಳಬೇಕು. ಅಪ್ಪ ಹೀಗೇ ಸರ್ವಿಸ್ ಮುಗಿಸಿದರು.

ಕಾನೂನು ಇದ್ದರೂ ಕೇಳುವುದು ನನಗೆ ಬರುತ್ತಿರಲಿಲ್ಲ. ಮೊದಲ ಇಮೇಲ್‌ನಲ್ಲಿ, "ನನಗೆ ಕಿವಿ ಸ್ವಲ್ಪ ಮಂದ, ದಯವಿಟ್ಟು ಜೋರಾಗಿ ಮಾತಾಡಿ" ಎಂದಷ್ಟೇ ಬರೆದೆ. ಎರಡು ದಿನ ಎಲ್ಲರೂ ಜೋರಾಗಿ ಮಾತಾಡಿದರು, ಮೂರನೆಯ ದಿನ ಮರೆತರು. ಜೋರಾಗಿ ಮಾತಾಡಿದಾಗಲೂ ನನಗೆ ಅರ್ಥವಾದದ್ದು ಜಾಸ್ತಿಯೇನೂ ಆಗಲಿಲ್ಲ.

ಕಾರಣ ಹೇಳುತ್ತೇನೆ. ನಮ್ಮ ಮನೆಯವರಂಥ ಕಿವಿಯಲ್ಲಿ ಮೊದಲು ಹೋಗುವುದು ತೀಕ್ಷ್ಣ ದನಿಗಳು. ಸ, ತ, ಕ, ಪ ಇಂಥ ವ್ಯಂಜನಗಳ ಗುರುತು ಸಿಗುವುದು ಅಲ್ಲಿಯೇ. 'ಆ', 'ಉ' ತರಹದ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಕಾಲು, ಪಾಲು, ಸಾಲು, ಹಾಲು ನಾಲ್ಕೂ ಒಂದೇ ಆಗಿಬಿಡುತ್ತವೆ. ಕೂಗಿದರೆ 'ಆಲು' ಇನ್ನೂ ಜೋರಾಗುತ್ತದೆ, ಮೊದಲಿನ ವ್ಯಂಜನ ಮಾತ್ರ ಸಿಗುವುದಿಲ್ಲ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಇದನ್ನು ಮನೆಯವರಿಗೂ ಬಿಡಿಸಿ ಹೇಳಬೇಕಾಗುತ್ತದೆ, ಅಲ್ವಾ?

ಆಡಿಯಾಲಜಿಸ್ಟ್ ನನಗೊಂದು ಕೆಲಸ ಕೊಟ್ಟರು. ಎರಡು ವಾರ, ಪ್ರತಿ ಮೀಟಿಂಗ್ ಆದ ಮೇಲೆ ಮೂರು ವಿಷಯ ಬರೆದಿಡಬೇಕು: ಯಾವ ರೂಮು, ಎಲ್ಲಿ ಕೂತಿದ್ದೆ, ಏನು ತಪ್ಪಿಹೋಯಿತು. ಆ ಪುಟಗಳನ್ನು ನೋಡಿದಾಗ ವಿಷಯ ತಾನಾಗಿಯೇ ಕಂಡಿತು. ಮನೆಯಿಂದ ಹೆಡ್‌ಸೆಟ್ ಹಾಕಿಕೊಂಡು ಸೇರಿದ ಮೀಟಿಂಗ್‌ಗಳಲ್ಲಿ ತಪ್ಪಿದ್ದು ಕಡಿಮೆ. ಸೋಮವಾರದ ಮೀಟಿಂಗ್‌ನಲ್ಲಿ ಅರ್ಧಕ್ಕರ್ಧ ಹೋಗಿತ್ತು. ಅದು ನಡೆಯುತ್ತಿದ್ದದ್ದು ಮೂರು ಕಡೆ ಗಾಜಿನ ಗೋಡೆ ಇರುವ, ಕಾಫಿ ಮಷಿನ್ ಪಕ್ಕದ ದೊಡ್ಡ ರೂಮಿನಲ್ಲಿ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗಾಜಿಗೆ ಬಡಿದು ವಾಪಸ್ ಬರುವ ದನಿ ಅದರ ಮೇಲೆ ಬೀಳುತ್ತದೆ. ಶ್ರವಣಯಂತ್ರ ಮಾತಿನ ಜೊತೆ ಕಾಫಿ ಮಷಿನ್‌ನ ಸದ್ದನ್ನೂ ದೊಡ್ಡದು ಮಾಡುತ್ತದೆ.

ಎರಡನೆಯ ಪತ್ರದಲ್ಲಿ ನನ್ನ ಕಿವಿಯ ಬಗ್ಗೆ ಎರಡೇ ಸಾಲು ಬರೆದೆ. ಉಳಿದದ್ದೆಲ್ಲ ಆ ರೂಮಿನ ಬಗ್ಗೆ. ಸೋಮವಾರದ ಮೀಟಿಂಗ್ ಕಾರ್ಪೆಟ್ ಹಾಕಿದ ಸಣ್ಣ ರೂಮಿಗೆ ಹೋಗಬೇಕು. ಬೆಳಕು ಮಾತಾಡುವವರ ಮುಖದ ಮೇಲೆ ಬೀಳುವಂತೆ, ಕಿಟಕಿಗೆ ಬೆನ್ನು ಹಾಕಿದ ಕುರ್ಚಿ ನನಗೆ ಬೇಕು. ಎಲ್ಲ ಮೀಟಿಂಗ್‌ನಲ್ಲೂ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ಇರಬೇಕು. ಅಜೆಂಡಾ ಹಿಂದಿನ ದಿನವೇ ಬರಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು. ನನ್ನ ಕಿವಿ ಇನ್ನೂ ಇಳಿಯುವುದರಿಂದ ಆರು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ಮತ್ತೆ ನೋಡಬೇಕು. ಈ ಕೊನೆಯದನ್ನು ಬರೆಯದಿದ್ದರೆ ಪ್ರತಿ ಸಲವೂ ಹೊಸದಾಗಿ ಬೇಡಿದಂತೆ ಆಗುತ್ತದೆ.

ಹತ್ತು ದಿನದಲ್ಲಿ ಒಪ್ಪಿಗೆ ಬಂತು. ಕ್ಯಾಪ್ಷನ್ ಮಾತ್ರ ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೇಜಿನ ನಡುವೆ ಒಂದೇ ಮೈಕ್ ಇಟ್ಟಿದ್ದರು. ಹತ್ತಿರ ಕೂತವರ ಮಾತು ಸರಿಯಾಗಿ ಬರುತ್ತಿತ್ತು, ತುದಿಯಲ್ಲಿದ್ದವರದು ಅರ್ಥವಿಲ್ಲದ ಸಾಲಾಗುತ್ತಿತ್ತು. ನನಗೆ ಎಲ್ಲಿ ಕೇಳುವುದಿಲ್ಲವೋ ಮೈಕಿಗೂ ಅಲ್ಲೇ ಕೇಳುವುದಿಲ್ಲ. ಈಗ ಸೋಮವಾರ ಎಲ್ಲರೂ ತಮ್ಮ ತಮ್ಮ ಜಾಗದಿಂದಲೇ ಹೆಡ್‌ಸೆಟ್ ಹಾಕಿ ಸೇರುತ್ತಾರೆ. ಎದುರುಬದುರು ಕೂರಲೇಬೇಕಾದಾಗ ಸಣ್ಣ ವೈರ್‌ಲೆಸ್ ಮೈಕ್ ಕೈಯಿಂದ ಕೈಗೆ ಹೋಗುತ್ತದೆ.

ಇನ್ನೆರಡು ತೊಂದರೆ ಉಳಿದಿವೆ. ಕ್ಯಾಪ್ಷನ್ ಸ್ವಲ್ಪ ತಡವಾಗಿ ಬರುತ್ತದೆ. ನಾನು ಓದಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ. ಅದಕ್ಕೆ ನಮ್ಮ ಮ್ಯಾನೇಜರ್ ಪ್ರತಿ ವಿಷಯದ ಕೊನೆಗೆ ಐದು ಸೆಕೆಂಡ್ ನಿಲ್ಲಿಸಿ, ಆಮೇಲೆ ಮುಂದೆ ಹೋಗುತ್ತಾರೆ. ಎರಡನೆಯದು ಅಂಕಿಗಳು. ಫಿಫ್ಟೀನ್, ಫಿಫ್ಟಿ ನನಗೂ ಕಲೆಯುತ್ತವೆ, ಕ್ಯಾಪ್ಷನ್‌ಗೂ ಕಲೆಯುತ್ತವೆ. ಮೊತ್ತ ಮತ್ತು ತಾರೀಖು ಯಾರೇ ಹೇಳಿದರೂ ಚಾಟ್‌ನಲ್ಲಿ ಟೈಪ್ ಮಾಡಬೇಕು ಎಂಬ ನಿಯಮ ಆಮೇಲೆ ಸೇರಿಸಿದೆವು. ಮುಂದೆ ಇದೂ ಸಾಲದಾದಾಗ, ಕೂತು ಟೈಪ್ ಮಾಡುವ ನುರಿತ ಸ್ಪೀಚ್ ಟು ಟೆಕ್ಸ್ಟ್ ರಿಪೋರ್ಟರ್ ಬೇಕಾಗುತ್ತಾರೆ. ಅದರ ಖರ್ಚಿಗೆ 'ಆಕ್ಸೆಸ್ ಟು ವರ್ಕ್' ಎಂಬ ಸರ್ಕಾರಿ ನೆರವು ಇದೆ. ಅರ್ಜಿಯನ್ನು ನೌಕರನೇ ಹಾಕಬೇಕು. ನಾನು ಹಾಕಿ ತಿಂಗಳುಗಳಾದವು, ಇನ್ನೂ ಕಾಯುತ್ತಿದ್ದೇನೆ.

ಇದನ್ನೆಲ್ಲ ಅಣ್ಣನಿಗೆ ಹೇಳಿದಾಗ ಅವನು, "ನಿಮ್ಮ ದೇಶದ ಮಾತು ಬಿಡು, ಇಲ್ಲಿ ಸರ್ಟಿಫಿಕೇಟ್ ಇಲ್ದೆ ಯಾರೂ ಕೇಳಲ್ಲ" ಅಂದ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಿವಿ ಮಂದ ಅನ್ನಿಸಿಕೊಳ್ಳಬೇಕಾದರೆ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟ ಇರಬೇಕು. ಅಣ್ಣನದು 52. ಇಂಗ್ಲೆಂಡಿನ ಕಾನೂನು ಡೆಸಿಬಲ್ ಕೇಳುವುದಿಲ್ಲ. ದಿನದ ಕೆಲಸಕ್ಕೆ ಗಣನೀಯವಾಗಿ ತೊಂದರೆ ಇದೆಯೇ, ಅದು ಒಂದು ವರ್ಷ ಅಥವಾ ಜಾಸ್ತಿ ಇರುವಂಥದ್ದೇ ಎಂದು ನೋಡುತ್ತದೆ. ಅದೂ ಶ್ರವಣಯಂತ್ರ ಇಲ್ಲ ಎಂದುಕೊಂಡು ನೋಡುತ್ತದೆ. ಅಂಕಿಗಿಂತ ಇದು ಹೆಚ್ಚು ನ್ಯಾಯವಾದ ಅಳತೆ ಎಂದೇ ನನ್ನ ನಂಬಿಕೆ. 52ರವನಿಗೂ ಗಾಜಿನ ರೂಮಿನಲ್ಲಿ ಮಾತು ತಿಳಿಯುವುದಿಲ್ಲ.

ಉಳಿದರ್ಧ ಅಣ್ಣನಿಗೆ ಗೊತ್ತಿರಲಿಲ್ಲ. ಸರ್ಟಿಫಿಕೇಟ್ ಮುಖ್ಯವಾಗಿ ಬೇಕಾಗುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಅನುಕೂಲ ಮಾಡಿಕೊಡುವ ವಿಷಯ ಬೇರೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಗೆ, ನಿಗದಿತ ಶೇಕಡಾವಾರು ಇಲ್ಲದಿದ್ದರೂ, ಪರೀಕ್ಷೆಯಲ್ಲಿ ಬರೆಯುವ ಸಹಾಯಕನನ್ನು ಕೊಡಬೇಕು ಎಂದಿತು. ಭಾರತದಲ್ಲಿ ಖಾಸಗಿ ಕಂಪನಿಗಳ ಮೇಲಿನ ಹಿಡಿತ ಇಂಗ್ಲೆಂಡಿನಷ್ಟು ಬಿಗಿಯಾಗಿಲ್ಲ, ನಿಜ. ಆದರೂ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಯ ನೀತಿಯಲ್ಲಿ, ಈ ವಿಷಯ ನೋಡಿಕೊಳ್ಳುವ ಅಧಿಕಾರಿಯ ನೇಮಕವೂ ಸೇರಿರಬೇಕು.

ಅಣ್ಣ ಆ ನೀತಿಯನ್ನು ಕಂಪನಿಯ ವೆಬ್‌ಸೈಟಿನಲ್ಲೇ ಹುಡುಕಿ ತೆಗೆದ. ಕಳೆದ ವಾರ ನನಗೆ ಒಂದು ಕರಡು ಕಳಿಸಿದ್ದಾನೆ. ಮೊದಲ ಸಾಲಿನಲ್ಲಿ, "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ" ಎಂದಿತ್ತು. ಅದನ್ನು ಹೊಡೆದುಹಾಕಿ, ಅವನು ಬರೆದಿಟ್ಟ ಎರಡು ವಾರದ ಮೀಟಿಂಗ್‌ಗಳ ಲೆಕ್ಕವನ್ನು ಮೇಲೆ ತಂದು ವಾಪಸ್ ಕಳಿಸಿದ್ದೇನೆ.